ಒಡವೆಯನ್ನು ಮೊದಲು ಮಗುಚಿ ನೋಡಿ

ಬಿಳಿಯ ಹರಳಿದ್ದರೆ ಕುಂದನ್, ಬೆಲೆ ಹೆಚ್ಚೆಂದರೆ ಪೋಲ್ಕಿ, ಬಣ್ಣವಿದ್ದರೆ ಮೀನಾ, ಕಪ್ಪಗಿದ್ದರೆ ಆಕ್ಸಿಡೈಸ್ಡ್ ಎಂದು ಈಗಿನ ಹುಡುಗಿಯರು ಹೇಳುವುದನ್ನು ಮದುವೆ ಮನೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಲಕ್ಷಗಟ್ಟಲೆ ಹಣ ಕೊಟ್ಟು ತಂದ ಹಾರವನ್ನು ಒಮ್ಮೆಯೂ ಮಗುಚಿ ನೋಡಿರುವುದಿಲ್ಲ. "ಇದು ಕುಂದನ್ನೋ ಪೋಲ್ಕಿಯೋ?" ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ತಪ್ಪು. ಕುಂದನ್ ಎನ್ನುವುದು ಹರಳನ್ನು ಕೂರಿಸುವ ಕೆಲಸ, ಪೋಲ್ಕಿ ಎನ್ನುವುದು ಕೂರಿಸಲಾದ ಹರಳು, ಮೀನಾಕಾರಿ ಲೋಹದ ಮೇಲೆ ಬೇಯಿಸಿದ ಬಣ್ಣ, ಆಕ್ಸಿಡೈಸ್ ಮಾಡುವುದು ಬೆಳ್ಳಿಗೆ ಕೊನೆಯಲ್ಲಿ ಕೊಡುವ ಕಪ್ಪು ಮೆರುಗು. ಮೊದಲ ಮೂರೂ ಒಂದೇ ಹಾರದಲ್ಲಿ ಇರಬಹುದು, ಜೈಪುರದ ಒಳ್ಳೆಯ ಹಾರಗಳಲ್ಲಿ ಇದ್ದೇ ಇರುತ್ತವೆ.

ಇದನ್ನು ನೀವೇ ನೋಡಿ ತಿಳಿಯಬೇಕಾದ ಕಾರಣವೂ ಇದೆ. 2021ರಲ್ಲಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾದಾಗ ಕುಂದನ್, ಪೋಲ್ಕಿ ಮತ್ತು ಹರಳು ಕೂರಿಸಿದ ಜಡಾವು ಒಡವೆಗಳನ್ನು ಆ ನಿಯಮದಿಂದ ಹೊರಗಿಟ್ಟರು. ಸಾದಾ ಬಳೆಯ ಮೇಲೆ ಮುದ್ರೆ ನೋಡಿ ನಿಶ್ಚಿಂತರಾಗುವಂತೆ ಇಲ್ಲಿ ಆಗುವಂತಿಲ್ಲ.

ಕುಂದನ್ ಕೆಲಸವನ್ನು ಅರಿತರೆ ಉಳಿದದ್ದು ಸುಲಭ. ರಾಜಸ್ಥಾನದ ಜೈಪುರ, ಬಿಕಾನೇರ್‌ಗಳ ಕುಶಲಿಗಳು ಮೊದಲು ಚಿನ್ನದ ತೆಳು ತಗಡಿನಿಂದ ಪೊಳ್ಳಾದ ಚೌಕಟ್ಟು ಕಟ್ಟಿ, ಅದರೊಳಗೆ ಅರಗು ತುಂಬುತ್ತಾರೆ. ಹರಳು ಕೂರುವ ಗುಂಡಿಯ ತಳಕ್ಕೆ ಹೊಳೆಯುವ ತೆಳುವಾದ ರೇಕು ಇಟ್ಟು, ಅದರ ಮೇಲೆ ಹರಳನ್ನಿಟ್ಟು, ಅದರ ಸುತ್ತಲೂ ಅಪ್ಪಟ ಚಿನ್ನದ ರೇಕನ್ನು ಪದರ ಪದರವಾಗಿ ಉಕ್ಕಿನ ಮೊನೆಯಿಂದ ಒತ್ತುತ್ತಾ ಹೋಗುತ್ತಾರೆ. ಚಿನ್ನ ಅಷ್ಟು ಅಪ್ಪಟವಾಗಿದ್ದರೆ ಬೆಂಕಿ, ಬೆಸುಗೆ ಏನೂ ಬೇಡ, ಒತ್ತಿದಷ್ಟಕ್ಕೇ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆದ್ದರಿಂದ ನಿಜವಾದ ಕುಂದನ್‌ನಲ್ಲಿ ಹರಳನ್ನು ಹಿಡಿದಿರುವ ಮುಳ್ಳುಗಳು, ಅಂದರೆ ಪ್ರಾಂಗ್‌ಗಳು, ಎಲ್ಲಿಯೂ ಕಾಣುವುದಿಲ್ಲ. ಹರಳಿನ ಹಿಂಬದಿಯೂ ತೆರೆದಿರುವುದಿಲ್ಲ. ನಮ್ಮ ಕಡೆಯ ಹಳೆಯ ಕೆಂಪಿನ ಒಡವೆಗಳಲ್ಲಿಯೂ ಹರಳು ಕೂರಿಸುವ ಬಗೆ ಹೆಚ್ಚು ಕಡಿಮೆ ಇದೇ. ನನ್ನ ತಾಯಿಯ ಕೆಂಪಿನ ಅಡ್ಡಿಕೆಯ ಹರಳು ಸಡಿಲವಾದಾಗ ಅಕ್ಕಸಾಲಿ ನಮ್ಮ ಮನೆಯ ಜಗಲಿಯಲ್ಲಿಯೇ ಕುಳಿತು, ಅರಗನ್ನು ಕೆಂಡದ ಕಾವಿಗೆ ಹಿಡಿದು ಮೆದು ಮಾಡಿ ಸರಿಪಡಿಸುತ್ತಿದ್ದರು. ಒಡವೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಅವರು ಮಗುಚುತ್ತಿದ್ದುದನ್ನು ನೋಡಿಯೇ ನಾನೂ ಅದನ್ನು ಕಲಿತದ್ದು.

ಈಗ ನಾನು ಎಂದಿಗೂ ಬಿಡದ ಪರೀಕ್ಷೆಯನ್ನು ಹೇಳುತ್ತೇನೆ, ಅವಸರ ಮಾಡದೆ ಓದಿ. ಅಗಲವಾದ ತಟ್ಟೆಯ ಮೇಲೆ ತೊಳೆದು ಮೆತ್ತಗಾದ ಬಿಳಿಯ ಮಲ್ಲಿನ ಬಟ್ಟೆಯನ್ನು ಮಡಿಸಿ ಹಾಸಿ. ಹರಳು ಉದುರಿದರೆ ನೆಲಕ್ಕೆ ಬೀಳದೆ ಅಲ್ಲೇ ಕಾಣಲಿ ಎಂದು ತಟ್ಟೆ, ಒಡವೆಗೆ ಗೀಚು ಬೀಳದಿರಲಿ ಎಂದು ಬಟ್ಟೆ. ಬೆಳಗಿನ ಹೊತ್ತು ನೇರ ಬಿಸಿಲು ಬೀಳದ ಕಿಟಕಿಯ ಬಳಿ ಕುಳಿತುಕೊಳ್ಳಿ, ಏಕೆಂದರೆ ಅಂಗಡಿಯ ದೀಪದ ಕೆಳಗೆ ಗಾಜೂ ವಜ್ರದ ಹಾಗೆಯೇ ಮಿನುಗುತ್ತದೆ. ಹೂಬತ್ತಿ ಮಾಡಲು ಇಟ್ಟ ಅರಳೆಯಿಂದ ಒಂದು ಎಳೆಯನ್ನು ಬಿಡಿಸಿ ತೆಗೆದುಕೊಳ್ಳಿ. ಹೊಸೆಯಬೇಡಿ, ಹೊಸೆದರೆ ಗಟ್ಟಿಯಾಗಿ ಕೆಲಸಕ್ಕೆ ಬಾರದು, ಗಾಳಿಗೆ ಅಲುಗುವಷ್ಟು ಸಡಿಲವಾಗಿರಬೇಕು. ಕೈ ಒಣಗಿರಲಿ, ಎಣ್ಣೆಯ ಜಿಡ್ಡಾಗಲಿ ಕ್ರೀಮಾಗಲಿ ಇರಕೂಡದು. ಆ ಎಳೆಯನ್ನು ಒಂದೊಂದು ಹರಳಿನ ಅಂಚಿನ ಮೇಲೆ, ಚಿನ್ನ ಹರಳನ್ನು ಮುಟ್ಟುವ ಗೆರೆಯುದ್ದಕ್ಕೂ, ಒತ್ತದೆ, ಸುತ್ತಲೂ ಒಮ್ಮೆ ಎಳೆಯಿರಿ. ಕುಂದನ್ ಕೆಲಸ ಸರಿಯಾಗಿದ್ದರೆ ಅರಳೆ ಎಲ್ಲಿಯೂ ಸಿಕ್ಕದೆ ಜಾರಿಕೊಂಡು ಹೋಗುತ್ತದೆ. ಒಂದೇ ಅಂತರದಲ್ಲಿ ನಾಲ್ಕು ಕಡೆ ಸಿಕ್ಕಿಕೊಂಡರೆ ಅಲ್ಲಿ ಪ್ರಾಂಗ್ ಇದೆ, ಅದು ಕುಂದನ್ ಅಲ್ಲ. ಒಂದೇ ಒಂದು ಹರಳಿನ ಒಂದೇ ಮೂಲೆಯಲ್ಲಿ ಸಿಕ್ಕಿದರೆ ಕೆಲಸ ನಿಜವಾದದ್ದೇ ಇರಬಹುದು, ಆದರೆ ಅಲ್ಲಿ ರೇಕು ಎದ್ದಿದೆ, ಇನ್ನೊಂದು ಮದುವೆಗೆ ಹಾಕಿಕೊಂಡರೆ ಹರಳು ಬೀಳುತ್ತದೆ ಎಂದು ತಿಳಿಯಿರಿ.

ಅರಳೆ ಜಾರಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಅಚ್ಚು ಹೊಯ್ದ ಗುಂಡಿಗೆ ಅಂಟು ಹಾಕಿ ಕೂರಿಸಿದ ಹರಳಿನ ಮೇಲೂ ಅದು ಜಾರಬಹುದು. ಆಗ ಭೂತಗನ್ನಡಿ ಹಿಡಿದು ಅಂಚಿನ ಅಗಲವನ್ನು ನೋಡಬೇಕು. ಕೈಯಿಂದ ಒತ್ತಿದ ಚಿನ್ನ ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ತೆಳು ಇರುತ್ತದೆ, ಬಣ್ಣ ಮೆತ್ತನೆಯ ಗಾಢ ಹಳದಿ. ಅಚ್ಚಿನದಾದರೆ ಎಲ್ಲ ಹರಳಿನ ಅಂಚೂ ಒಂದೇ ಅಳತೆ, ಮೂಲೆಯಲ್ಲಿ ಅಂಟು ಒಸರಿ ಒಣಗಿದ ಮಬ್ಬು ಗೆರೆ.

ಹರಳಿನ ವಿಷಯಕ್ಕೆ ಬರೋಣ. ಪೋಲ್ಕಿ ಎಂದರೆ ಈಗಿನ ವಜ್ರದಂತೆ ಅನೇಕ ಮುಖಗಳನ್ನು ಕತ್ತರಿಸದ, ಹುಟ್ಟಿದ ಆಕಾರವನ್ನೇ ಬಹುಮಟ್ಟಿಗೆ ಉಳಿಸಿಕೊಂಡು ಚಪ್ಪಟೆಯಾಗಿ ಸೀಳಿದ ವಜ್ರ. ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಉದ್ದ, ಒಂದು ಮೂರು ಮೂಲೆಯದು, ಒಳಗೆ ಮಂಜಿನ ತುಣುಕೋ ಗೆರೆಯೋ ಕಾಣುತ್ತದೆ, ಹೊಳಪು ಕಣ್ಣಿಗೆ ಚುಚ್ಚುವುದಿಲ್ಲ. ಗಾಜಿನ ಹರಳುಗಳಾದರೆ ಎಲ್ಲವೂ ಒಂದೇ ಆಕಾರ, ಒಳಗೆ ದುಂಡನೆಯ ಗಾಳಿಗುಳ್ಳೆಗಳು, ಅಂಚುಗಳು ಸವೆದು ಮೊಂಡು. ಮಿನುಗುವುದನ್ನು ಮಾತ್ರ ನಂಬಬೇಡಿ, ಎರಡರ ಕೆಳಗೂ ಅದೇ ರೇಕು ಇರುವುದರಿಂದ ಗಾಜೂ ಮಿನುಗುತ್ತದೆ. ಬಾಯಿಯಿಂದ ಹಬೆ ಊದಿದರೆ ವಜ್ರದ ಮೇಲಿನ ಮಬ್ಬು ಕೂಡಲೇ ಆರುತ್ತದೆ, ಗಾಜಿನ ಮೇಲೆ ತುಸು ನಿಲ್ಲುತ್ತದೆ. ಇವೆಲ್ಲ ಗಾಜನ್ನು ಹಿಡಿಯಲು ಸಾಕು. ಆದರೆ ಈಗ ವಜ್ರದಂತೆಯೇ ಕಾಣುವ ಮೊಯ್ಸನೈಟ್ ಎಂಬ ಕೃತಕ ಹರಳಿನಲ್ಲಿಯೂ ಪೋಲ್ಕಿಯಂತೆ ಸೀಳಿ ಮಾರುತ್ತಾರೆ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದಲ್ಲಿಯೂ ಮಾರುತ್ತಾರೆ. ಬೆಳೆಸಿದ್ದೂ ವಜ್ರವೇ ಆದ್ದರಿಂದ ಕಣ್ಣಿಗೂ ಅಂಗಡಿಯ ಪುಟ್ಟ ಪರೀಕ್ಷಾ ಯಂತ್ರಕ್ಕೂ ಭೇದ ತಿಳಿಯುವುದಿಲ್ಲ. ಅಲ್ಲಿ ರತ್ನ ಪರೀಕ್ಷಾಲಯದ ಪ್ರಮಾಣಪತ್ರವನ್ನೇ ಕೇಳಬೇಕು, ಕೇಳಲು ಸಂಕೋಚಪಡಬಾರದು.

ಇನ್ನು ಮೀನಾಕಾರಿ. ಹಾರದ ಬೆನ್ನಿನಲ್ಲಿ, ಮೈಗೆ ತಾಗುವ ಕಡೆ, ಹಕ್ಕಿ ಹೂಗಳು ಅರಳಿರುತ್ತವೆ, ಹಾಕಿಕೊಂಡವಳಿಗಲ್ಲದೆ ಯಾರಿಗೂ ಕಾಣುವುದಿಲ್ಲ. ಜೈಪುರದ ಹತ್ತಿರದ ಆಂಬೇರಿನ ರಾಜಾ ಮಾನಸಿಂಗ್ 16ನೆಯ ಶತಮಾನದಲ್ಲಿ ಲಾಹೋರಿನಿಂದ ಮೀನಾ ಕೆಲಸದವರನ್ನು ಕರೆತಂದು ನೆಲೆಗೊಳಿಸಿದನೆಂದು ಹೇಳುತ್ತಾರೆ. ಲೋಹದಲ್ಲಿ ಗುಳಿ ಕೆತ್ತಿ, ಬಣ್ಣದ ಗಾಜಿನ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿ, ಕುಲುಮೆಯಲ್ಲಿ ಬೇಯಿಸುತ್ತಾರೆ. ಹೆಚ್ಚು ಕಾವು ತಡೆಯುವ ಬಿಳಿ ಮೊದಲು, ಬಲು ನಾಜೂಕಾದ ಕೆಂಪು ಕೊನೆಗೆ. ಜೈಪುರದ ಕೆಂಪಿನ ಮೂಲಕ ಒಳಗಿನ ಚಿನ್ನದ ಕೆತ್ತನೆ ಬೆಳಗುತ್ತದೆ, ಬನಾರಸಿನದಾದರೆ ಬಿಳಿಯ ನೆಲದ ಮೇಲೆ ಗುಲಾಬಿ ಬಣ್ಣದ ಹೂಗಳು. ಪೇಟೆಯಲ್ಲಿ ಸಿಗುವ ಅಗ್ಗದ್ದು ಬೇಯಿಸಿದ್ದಲ್ಲ, ಅಂಟಿನಂಥ ಬಣ್ಣವನ್ನು ಸುರಿದು ಒಣಗಿಸಿದ್ದು. ಬೇಯಿಸಿದ ಮೀನಾ ಬೆರಳಿಗೆ ತಣ್ಣಗಿರುತ್ತದೆ, ಉಗುರಿಗೆ ಜಗ್ಗುವುದಿಲ್ಲ, ಬಣ್ಣ ಲೋಹದ ಗೆರೆಯೊಳಗೇ ನಿಂತಿರುತ್ತದೆ. ಸುರಿದದ್ದು ಉಬ್ಬಿರುತ್ತದೆ, ಗೆರೆ ದಾಟಿ ಹರಿದಿರುತ್ತದೆ, ಉಗುರಿನಿಂದ ಒತ್ತಿದರೆ ಗುರುತು ಬೀಳಬಹುದು.

ನನ್ನ ತಂಗಿಯ ಸೊಸೆ ಒಂದು ಹಾರ ತಂದು, "ದೊಡ್ಡತ್ತೆ, ಇದು ಪೋಲ್ಕಿ ಸೆಟ್, ಅಂಗಡಿಯವರೇ ಹೇಳಿದರು" ಎಂದು ಕೈಗಿತ್ತಳು. ಮಗುಚಿ ನೋಡಿದೆ. ಬೆನ್ನಿನ ಮೀನಾ ತಣ್ಣಗೆ, ನಯವಾಗಿ, ಗೆರೆಯೊಳಗೇ ಇತ್ತು, ಅದು ಬೇಯಿಸಿದ್ದೇ. ಅರಳೆ ಎಳೆದಾಗ ಎಲ್ಲಿಯೂ ಸಿಕ್ಕಲಿಲ್ಲ, ಅಂಚಿನ ಚಿನ್ನ ಕೈಕೆಲಸದ ಏರುಪೇರಿನಲ್ಲಿತ್ತು, ಆದ್ದರಿಂದ ಕುಂದನ್ ಕೂಡ ನಿಜವೇ. ಹರಳುಗಳನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲವೂ ಅಚ್ಚಿನಿಂದ ಬಂದ ಹನಿಯಾಕಾರ, ಮೂರು ನಾಲ್ಕರಲ್ಲಿ ಗಾಳಿಗುಳ್ಳೆ. ಕೆಲಸ ಅಸಲಿ, ಹರಳು ಗಾಜು. ಆಮೇಲೆ ಬಿಲ್ಲು ತರಿಸಿ ನೋಡಿದರೆ ಅದರಲ್ಲಿ ಒಟ್ಟು ತೂಕವಷ್ಟೇ ಇತ್ತು. ಅರಗಿನ ತೂಕ, ಹರಳಿನ ತೂಕ, ಚಿನ್ನದ ತೂಕ ಎಂದು ಬೇರೆ ಬೇರೆ ಬರೆದಿರಲಿಲ್ಲ. ಹೀಗಾದರೆ ಅರಗಿಗೂ ಚಿನ್ನದ ದರವನ್ನೇ ಕೊಟ್ಟಂತಾಗಬಹುದು. ಮುಂದೆ ಮಾರಲು ಹೋದಾಗ ಅರಗು, ಹರಳು ಎಲ್ಲವನ್ನೂ ಕಳೆದು ಉಳಿದ ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ. ಮೂರನ್ನೂ ಬೇರೆಯಾಗಿ, ಹರಳಿನ ಹೆಸರನ್ನೂ ಸ್ಪಷ್ಟವಾಗಿ, ಬರೆಸಿಕೊಂಡ ಮೇಲೆಯೇ ಹಣ ಎಣಿಸಿ.

ಇಂಥ ಒಡವೆಯನ್ನು ಸೋಪಿನ ನೀರಿನಲ್ಲಿ ಅದ್ದುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ನೀರು ಒಳಗಿಳಿದರೆ ಹರಳಿನ ಕೆಳಗಿನ ರೇಕು ಕಪ್ಪಾಗುತ್ತದೆ, ಆಮೇಲೆ ಹರಳು ಬಿಚ್ಚಿ ಹೊಸ ರೇಕು ಹಾಕಿಸದೆ ಬೇರೆ ದಾರಿಯಿಲ್ಲ. ಅತ್ತರು, ಸೆಂಟು ಎಲ್ಲ ಮೊದಲೇ ಹಚ್ಚಿಕೊಂಡು ಆರಿದ ಮೇಲೆ ಹಾರ ಹಾಕಿಕೊಳ್ಳಿ, ತೆಗೆದ ಮೇಲೆ ಒಣ ಮಲ್ಲಿನಿಂದ ಒತ್ತಿ ಬೆವರು ಹೀರಿಸಿ. ಕೊಂಡಿ ಮುರಿದರೆ ಸಿಕ್ಕ ಸಿಕ್ಕ ಕಡೆ ಬೆಸುಗೆ ಹಾಕಿಸಬೇಡಿ, ಬೆಂಕಿಯ ಕಾವಿಗೆ ಅರಗು ಕರಗುತ್ತದೆ, ಮೀನಾ ಬಿರಿಯುತ್ತದೆ.

ಆಕ್ಸಿಡೈಸ್ಡ್ ಬೆಳ್ಳಿಯ ಮಾತು ಚಿಕ್ಕದು. ಬೆಳ್ಳಿಗೆ ಗಂಧಕ ಸೇರಿದ ದ್ರಾವಣ ತಾಗಿಸಿ ಕಪ್ಪಾಗಿಸಿ, ಉಬ್ಬಿದ ಭಾಗವನ್ನು ಮಾತ್ರ ಉಜ್ಜಿ ಬೆಳಗಿಸುತ್ತಾರೆ, ಕೆತ್ತನೆಯ ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಕೊಕ್ಕೆ ಕೊಂಡಿಗೆ ಉಜ್ಜುವ ಜಾಗವನ್ನು ನೋಡಿ: ಹಳದಿ ಇಣುಕಿದರೆ ಹಿತ್ತಾಳೆ, ಕೆಂಪು ಇಣುಕಿದರೆ ತಾಮ್ರ. ಬಿಳಿ ಕಂಡ ಮಾತ್ರಕ್ಕೆ ಬೆಳ್ಳಿಯೆನ್ನಬೇಡಿ. ಜರ್ಮನ್ ಸಿಲ್ವರ್ ಎನ್ನುವುದು ತಾಮ್ರ, ನಿಕ್ಕಲ್, ಸತುವಿನ ಬೆರಕೆ, ಅದರಲ್ಲಿ ಬೆಳ್ಳಿಯ ಅಂಶವೇ ಇಲ್ಲ, ಅದೂ ಬಿಳಿಯಾಗಿಯೇ ಕಾಣುತ್ತದೆ. ಬೆಳ್ಳಿಯೆಂದು ಹೇಳಿ ಕೊಟ್ಟರೆ 925 ಎಂಬ ಮುದ್ರೆಯನ್ನು ಹುಡುಕಿ, ಬಿಲ್ಲಿನಲ್ಲಿಯೂ ಬರೆಸಿ. ಪೂಜೆಯ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ಬೆಳಗಿಸಿ, ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ, ಅದು ಸರಿಯೇ. ಆದರೆ ಅದೇ ಕೈಯಲ್ಲಿ ಈ ಜುಮಕಿಯನ್ನೂ ತಿಕ್ಕಿದರೆ, ಹಲ್ಲಿನ ಪೇಸ್ಟು ಹಚ್ಚಿದರೆ, ಅಥವಾ ಬೆಳ್ಳಿ ಹೊಳೆಯಿಸುವ ದ್ರಾವಣದಲ್ಲಿ ಅದ್ದಿದರೆ, ಕಾಸು ಕೊಟ್ಟು ಹಾಕಿಸಿದ ಕಪ್ಪೆಲ್ಲ ಹೋಗಿ ಕೆತ್ತನೆ ಬೋಳಾಗುತ್ತದೆ. ಉಬ್ಬಿದ ಭಾಗ ಮಂಕಾದರೆ ಒಣ ಹತ್ತಿಬಟ್ಟೆಯನ್ನು ಬೆರಳಿಗೆ ಸುತ್ತಿ, ತಗ್ಗಿಗೆ ತಾಗದಂತೆ, ಮೇಲಷ್ಟೇ ಉಜ್ಜಿ, ಗಾಳಿಯಾಡದ ಚೀಲದಲ್ಲಿ ಕುಂದನ್ ಹಾರದಿಂದ ಬೇರೆಯಾಗಿ ಎತ್ತಿಡಿ.