ಗಿಫ್ಟ್ ಕಾರ್ಡ್ ಕೇಳಿದ್ದು ಸರ್ ಅಲ್ಲ: ನನ್ನ ಒಂದು ಮೆಸೇಜ್ ಕೆಲಸ ಮಾಡಿದ ಕಥೆ

ಬೆಂಗಳೂರಿನ ನಮ್ಮ ಆಫೀಸಲ್ಲಿ ಐಟಿ ನೋಡಿಕೊಳ್ಳೋನು ನಾನು. ಕಳೆದ ವರ್ಷ ಒಬ್ಬ ಸಹೋದ್ಯೋಗಿ ನಲವತ್ತು ಸಾವಿರ ಕಳೆದುಕೊಂಡರು. ಮ್ಯಾನೇಜರ್ ಫೋಟೋ ಇದ್ದ ವಾಟ್ಸಾಪ್ ನಂಬರಿನಿಂದ 'ಕ್ಲೈಂಟಿಗೆ ಕೊಡಬೇಕು, ನಾಲ್ಕು ಗಿಫ್ಟ್ ಕಾರ್ಡ್ ತಗೊಂಡು ಕೋಡ್ ಕಳಿಸಿ, ಸಂಜೆ ದುಡ್ಡು ಹಾಕ್ತೀನಿ' ಅಂತ ಬಂದಿತ್ತು. ಹತ್ತು ಸಾವಿರ ರೂಪಾಯಿಯ ನಾಲ್ಕು ಕಾರ್ಡ್. ರಿಸರ್ವ್ ಬ್ಯಾಂಕ್ ನಿಯಮದಡಿ ಬರುವ ಒಂದು ಗಿಫ್ಟ್ ಕಾರ್ಡಿಗೆ 10,000 ರೂಪಾಯಿಯೇ ಮಿತಿ, ಈ ಕಳ್ಳರು ಹೆಚ್ಚಾಗಿ ನಾಲ್ಕು, ಐದು ಅಂತ ಎಣಿಕೆಯಲ್ಲಿ ಕೇಳುತ್ತಾರೆ. ಆ ಸಹೋದ್ಯೋಗಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಸಂಜೆ. ಅಷ್ಟರಲ್ಲಿ ನಾಲ್ಕೂ ಕೋಡ್ ಬಳಕೆಯಾಗಿದ್ದವು. ಕಂಪನಿ ಒಂದು ರೂಪಾಯಿಯನ್ನೂ ತುಂಬಿಕೊಡಲಿಲ್ಲ.

ಆಮೇಲೆ ನಾನು ಎರಡು ಪುಟದ ಇಮೇಲ್ ಬರೆದೆ. ಯಾರೂ ಓದಲಿಲ್ಲ. ಎರಡನೇ ಸಲ ಚಿಕ್ಕದಾಗಿ, 'ಅನುಮಾನ ಬಂದರೆ ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ' ಅಂತ ಬರೆದೆ. ಇದು ಇನ್ನೂ ದೊಡ್ಡ ತಪ್ಪು. ಇಂಥದ್ದೇ ಮೆಸೇಜ್ ಬಂದಾಗ ಒಬ್ಬ ಹುಡುಗ ಅದೇ ಚಾಟಿನಲ್ಲಿ 'ಸರ್, ನೀವೇನಾ?' ಅಂತ ಕೇಳಿದ. ಆ ಕಡೆಯವನು 'ಹೌದು, ನಿನ್ನೆ ತಾನೇ ಪುಣೆಗೆ ಬಂದಿದ್ದೀನಿ' ಅಂದ. ಸರ್ ಪುಣೆಯಲ್ಲಿರೋದು ಅವರೇ ಲಿಂಕ್ಡ್‌ಇನ್ನಿನಲ್ಲಿ ಹಾಕಿದ್ದ ವಿಷಯ. ಹುಡುಗ ವಾಟ್ಸಾಪ್ ಕಾಲ್ ಮಾಡಿದರೆ ಕಟ್ ಆಯಿತು, ಮರುಕ್ಷಣ 'ಮೀಟಿಂಗಲ್ಲಿದ್ದೀನಿ' ಅಂತ ಮೆಸೇಜ್. ಕಟ್ ಆದದ್ದೇ ಅವನಿಗೆ ಸಾಕ್ಷಿಯಂತೆ ಕಂಡಿತು! ಪಕ್ಕದ ಸೀಟಿನವರು ತಡೆದಿದ್ದಕ್ಕೆ ದುಡ್ಡು ಉಳಿಯಿತು.

ಅಡ್ಮಿನ್ ಮುಖ್ಯಸ್ಥರು 'ಮೆಸೇಜ್ ಬರೆದು ಇದೆಲ್ಲ ನಿಲ್ಲಲ್ಲ ಬಿಡಿ' ಅಂದುಬಿಟ್ಟರು. ನಾನು ಬಿಡಲಿಲ್ಲ. ನಿರ್ದೇಶಕರ ಒಪ್ಪಿಗೆ ತಗೊಂಡು, ಹೊಸ ಸಿಮ್ಮಿನಲ್ಲಿ ಅವರದ್ದೇ ಫೋಟೋ ಹಾಕಿ, ಸುಮಾರು ಮೂವತ್ತು ಜನಕ್ಕೆ ಬರೀ 'ಫ್ರೀ ಇದ್ದೀರಾ?' ಅಂತ ಕಳಿಸಿ ನೋಡಿದೆ. ಹತ್ತು ಹನ್ನೆರಡು ಜನ ಐದು ನಿಮಿಷದೊಳಗೆ ಉತ್ತರ ಕೊಟ್ಟರು, ಅವರಲ್ಲಿ ಹೆಚ್ಚಿನವರು ಸೇರಿ ಆರು ತಿಂಗಳಾಗದವರು. ಯಾವ ಗಂಟೆಗೆ ಕಳಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಕಳ್ಳರಿಗೆ ಅದು ಬೇಕಾದ ಮಾಹಿತಿ. ಆದರೆ ಹೊಸಬರಿಗೆ ಸರ್ ಬಗ್ಗೆ ಇರುವ ಭಯವೇ ಈ ಮೋಸದ ಬಂಡವಾಳ ಅನ್ನೋದು ಅವತ್ತು ಗೊತ್ತಾಯಿತು. 'ಮೋಸ, ಎಚ್ಚರ' ಅಂದರೆ ಅವರ ತಲೆಗೆ ಹೋಗಲ್ಲ. ಸರ್ ಮಾತು ಮೀರಿದ ಹಾಗಾಗುತ್ತೆ ಅನ್ನೋ ಅಳುಕು ಹೋಗಬೇಕು.

ಸೇರಿ ಮೂರೇ ವಾರವಾಗಿದ್ದ ಒಬ್ಬರು ಮಧ್ಯಾಹ್ನ 'ಸರ್ ಕಾರ್ಡ್ ಕೇಳ್ತಿದ್ದಾರೆ, ಬಿಲ್ ಯಾರ ಹೆಸರಿಗೆ ಮಾಡಿಸಲಿ?' ಅಂತ ನನ್ನನ್ನ ಕೇಳಿದಾಗ ಕಳಿಸಿದ್ದು ಇದು:

'ಮೇಡಂ, ಕೋಡ್ ಕಳಿಸಬೇಡಿ, ಇದು ಸರ್ ಅಲ್ಲ. ಸರ್ ಜೊತೆಗಿನ ನಿಮ್ಮ ಹಳೇ ಚಾಟ್ ತೆಗೆದು ನೋಡಿ, ಈ ಮೆಸೇಜ್ ಅದರೊಳಗೆ ಬಂದಿಲ್ಲ, ಬೇರೆ ನಂಬರಿನಿಂದ ಬಂದಿದೆ. ಫೋಟೋ ಯಾರು ಬೇಕಾದರೂ ಹಾಕಬಹುದು. ನಮ್ಮಲ್ಲಿ ಕ್ಲೈಂಟಿಗೆ ಉಡುಗೊರೆ ಅಂದರೆ ಅಕೌಂಟ್ಸ್‌ನವರು ಕಂಪನಿ ಹೆಸರಿಗೆ ಬಿಲ್ ಮಾಡಿಸಿ ತರಿಸುತ್ತಾರೆ, ನಿಮ್ಮ ಸ್ವಂತ ದುಡ್ಡು ಮುಟ್ಟೋದೇ ಇಲ್ಲ. ಉಡುಗೊರೆ ಕ್ಲೈಂಟಿಗಾದರೆ ಕೋಡ್ ಯಾಕೆ ಇವರಿಗೆ ಬೇಕು? ಕೋಡ್ ಕೈಗೆ ಬಂದರೆ ಸಾಕು, ಯಾರು ಬೇಕಾದರೂ ಖರ್ಚು ಮಾಡಬಹುದು. ಆ ಚಾಟಿನಲ್ಲಿ ಏನೂ ಕೇಳಬೇಡಿ. ನಿಮ್ಮ ಫೋನಲ್ಲಿ ಮೊದಲೇ ಸೇವ್ ಆಗಿರೋ ಸರ್ ನಂಬರಿಗೆ ಮಾಮೂಲಿ ಕಾಲ್ ಮಾಡಿ. ನಾನು ಹೇಳಿದೆ ಅಂತಲೇ ಹೇಳಿ, ಬೈದರೆ ನನಗೆ ಬೈಯಲಿ.'

ಕೊನೆಯ ಸಾಲೇ ಕೆಲಸ ಮಾಡಿದ್ದು. ಎರಡೇ ನಿಮಿಷದಲ್ಲಿ ಕಾಲ್ ಮಾಡಿದರು, ಸರ್‌ಗೆ ಏನೂ ಗೊತ್ತಿರಲಿಲ್ಲ. ಆ ಕರೆಯಲ್ಲಿ ಕೇಳೋಕೆ ಒಂದು ಪ್ರಶ್ನೆಯನ್ನೂ ನಮ್ಮವರಿಗೆ ಹೇಳಿಕೊಟ್ಟಿದ್ದೀನಿ, ಅದು ನಮ್ಮೊಳಗೇ ಇರಲಿ.

ಒಂದು ಮಿತಿ ಇದೆ. ಸರ್ ವಾಟ್ಸಾಪ್ ಅಕೌಂಟೇ ಕಳ್ಳರ ಕೈ ಸೇರಿದ್ದರೆ ಮೆಸೇಜ್ ಹಳೇ ಚಾಟಿನಲ್ಲೇ ಬರುತ್ತೆ, ಆಗ ಮೊದಲ ಗುರುತು ಕೈಕೊಡುತ್ತೆ. ಅದಕ್ಕೇ ಕಾಲ್ ಅನ್ನೋದನ್ನ ಬಿಡಬಾರದು.

ಕೋಡ್ ಹೋಗಿಬಿಟ್ಟಿದ್ದರೆ? ಪೊಲೀಸ್ ದೂರಿಗೂ ಮುಂಚೆ ಆ ಕೋಡನ್ನ ಕಾರ್ಡ್ ನಡೆಯುವ ಆ್ಯಪಿನಲ್ಲಿರೋ ನಿಮ್ಮದೇ ಅಕೌಂಟಿಗೆ ಹಾಕಿಕೊಳ್ಳೋಕೆ ನೋಡಿ. ಕಳ್ಳ ಇನ್ನೂ ಬಳಸಿಲ್ಲದಿದ್ದರೆ ದುಡ್ಡು ನಿಮ್ಮಲ್ಲೇ ಉಳಿಯುತ್ತೆ. ಆಗದಿದ್ದರೆ ಆರ್ಡರ್ ನಂಬರ್ ಹಿಡಿದು ಕಾರ್ಡ್ ಕಂಪನಿಗೆ ಫೋನ್ ಮಾಡಿ ತಡೆಹಿಡಿಯಿರಿ ಅನ್ನಿ, ಕೂಡಲೇ 1930ಕ್ಕೂ ಮಾಡಿ, cybercrime.gov.in ನಲ್ಲೂ ದೂರು ಹಾಕಿ. ಚಾಟ್ ಅಳಿಸಬೇಡಿ.

ಆ ಮೆಸೇಜನ್ನ ಆಮೇಲೆ ಹೊಸದಾಗಿ ಸೇರುವ ಎಲ್ಲರಿಗೂ ಮೊದಲ ದಿನವೇ ಕಳಿಸುತ್ತಿದ್ದೀನಿ. ಇಲ್ಲಿಯವರೆಗೆ ಮೂರ್ನಾಲ್ಕು ಜನ ತಪ್ಪಿಸಿಕೊಂಡಿದ್ದಾರೆ. ಆ ಮೇಡಂ ನನ್ನನ್ನ ಕೇಳೋಕೆ ಮುಂಚೆಯೇ ಒಂದು ಕಾರ್ಡ್ ತಗೊಂಡಿದ್ದರಂತೆ. ಕೋಡ್ ಯಾರಿಗೂ ಕಳಿಸದ ಕಾರಣ ಅದನ್ನ ತಮ್ಮ ಅಕೌಂಟಿಗೇ ಹಾಕಿಕೊಂಡು ಆ ತಿಂಗಳ ಮನೆ ಸಾಮಾನು ತರಿಸಿಕೊಂಡರು.