ಆ 'ಟಪ್' ಸದ್ದಿಗೆ ಮುಂಚಿನ ಎರಡು ಸೆಕೆಂಡು

ಮೊದಲೇ ಹೇಳಿಬಿಡ್ತೀನಿ, ಫಿಲ್ಮ್ ಬಾಯ್ಲಿಂಗ್ ಅಂದರೇನು, ಬಾಯ್ಲಿಂಗ್ ಕರ್ವ್ ಹೇಗಿರುತ್ತೆ ಅಂತ ಇಲ್ಲಿ ವಿವರಿಸೋಕೆ ಹೋಗಲ್ಲ. ಲ್ಯಾಬ್‌ನಲ್ಲಿ ಕೈ ಸುಟ್ಟುಕೊಂಡವರಿಗೆ ಅದು ಗೊತ್ತಿರುತ್ತೆ. ಬಿಸಿ ಲೋಹದ ಗುಂಡನ್ನು ನೀರಿಗೆ ಇಳಿಸಿ, ಆವಿಯ ಪದರ ಒಡೆಯುವ ಕ್ಷಣದಲ್ಲಿ ಮಿನಿಮಮ್ ಹೀಟ್ ಫ್ಲಕ್ಸ್ ಎಷ್ಟು ಅಂತ ನಮ್ಮ ಮೈಸೂರಿನ ಲ್ಯಾಬ್‌ನಲ್ಲೇ, ಆರು-ಏಳು ಸಾವಿರ ರೂಪಾಯಿಯಲ್ಲಿ, ಅಳೆದು ಮುಗಿಸಿದ್ದು ಹೇಗೆ ಅನ್ನೋದನ್ನಷ್ಟೇ ಬರೀತೀನಿ.

ಶುರು ಮಾಡಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು ನಕ್ಕಿದ್ದರು. "ನೀರಲ್ಲಿ ಇದೆಲ್ಲ ಆಗೋ ಕೆಲಸ ಅಲ್ಲಪ್ಪ, ಲಿಕ್ವಿಡ್ ನೈಟ್ರೋಜನ್ ತರಿಸ್ಕೊಂಡು ಮಾಡು, ಸುಲಭ." ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಹಿಂದಿನ ವರ್ಷ ಹುಡುಗರು ಗುಂಡನ್ನು 600 ಡಿಗ್ರಿಗೆ ಕಾಯಿಸಿ ಬಕೆಟ್ ನೀರಿಗೆ ಹಾಕಿದ್ದರು. ಛಟಾರ್ ಅಂತ ಒಂದೇ ಸದ್ದು, ಮುಗೀತು. ಪದರ ನಿಂತಿದ್ದೇ ಯಾರಿಗೂ ಕಾಣಲಿಲ್ಲ. 1978ರಲ್ಲಿ ಧೀರ್ ಮತ್ತು ಪುರೋಹಿತ್ ಗುಂಡುಗಳ ಮೇಲೆ ಮಾಡಿದ ಕೆಲಸದಿಂದ ಬಂದ ಸರಳ ಲೆಕ್ಕ ಒಂದಿದೆ: ಪದರ ಒಡೆಯುವ ತಾಪಮಾನ ಸುಮಾರು 201 ಡಿಗ್ರಿ, ಅದಕ್ಕೆ ನೀರು ಕುದಿಯುವ ಬಿಂದುವಿಗಿಂತ ಎಷ್ಟು ಡಿಗ್ರಿ ತಣ್ಣಗಿದೆಯೋ ಅದರ ಎಂಟು ಪಟ್ಟು ಸೇರಿಸಬೇಕು. ಬಕೆಟ್ ನೀರು 30 ಡಿಗ್ರಿ ಇದ್ದರೆ 700 ದಾಟುತ್ತೆ. ಅಂದಮೇಲೆ 600ಕ್ಕೆ ಕಾಯಿಸಿದ ಗುಂಡಿನಲ್ಲಿ ಪದರ ನಿಲ್ಲೋದು ಹೇಗೆ? ನೀರು ಕುದಿಯುವ ಬಿಂದುವಿನಲ್ಲೇ ಇರಬೇಕು, ಒಂದು ಡಿಗ್ರಿ ಕೂಡ ಕೆಳಗಿಳಿಯಬಾರದು. ಇಡೀ ಪ್ರಯೋಗದ ಜೀವ ಇರೋದು ಇಲ್ಲೇ. ಆದರೆ ಇದು ನನಗೆ ಅರ್ಥ ಆಗೋಕೆ ಎರಡು ತಿಂಗಳು ಹಿಡೀತು.

ಮೊದಲ ತಪ್ಪು ಗುಂಡಿನದು. ದುಡ್ಡು ಉಳಿಸೋಣ ಅಂತ ಗುಜರಿಯಿಂದ 25 ಮಿಲಿಮೀಟರಿನ ಬೇರಿಂಗ್ ಗುಂಡು ತಂದೆ, ನಲವತ್ತು ರೂಪಾಯಿಗೆ ಒಂದು. ಅಷ್ಟು ಗಟ್ಟಿ ಉಕ್ಕಿಗೆ ತೂತು ಹೊಡೆಯೋಕೆ ಹೋಗಿ ಎರಡು ಕಾರ್ಬೈಡ್ ಡ್ರಿಲ್ ಮುರಿದೆ, ಅಲ್ಲಿಗೆ ಒಂಬತ್ತು ನೂರು ಹೋಯಿತು. ಆಮೇಲೆ ಬುದ್ಧಿ ಬಂದು, ಅನೀಲ್ ಮಾಡಿ ಮೆತ್ತಗಾಗಿಸಿ ಕೊರೆದೆ. 850ಕ್ಕೆ ಕಾಯಿಸಿ ಕುದಿಯುವ ನೀರಿಗೆ ಇಳಿಸಿದಾಗ ಪದರ ಚೆನ್ನಾಗಿ ನಿಂತಿತು. ತಣಿಯುವ ವೇಗ 650ರ ಆಸುಪಾಸಿನಲ್ಲಿ ಕುಸಿದು ಮತ್ತೆ ಏರಿತು. ಸಿಕ್ಕೇಬಿಡ್ತು ಮಿನಿಮಮ್ ಅಂತ ಹಿಗ್ಗಿ, ಮರುದಿನವೇ ಗ್ರಾಫ್ ಪ್ರಿಂಟ್ ತೆಗೆದು ತೋರಿಸಿದೆ. ಅದೇ ಹಿರಿಯರು ಕನ್ನಡಕ ಮೇಲೇರಿಸಿ, "ಇದು ನಿನ್ನ ಆವಿಯ ಆಟ ಅಲ್ಲ ಕಣಯ್ಯ, ಉಕ್ಕಿನೊಳಗಿನ ಆಟ" ಅಂದರು. ಉಕ್ಕು ತಣಿಯುವಾಗ ಒಳಗಿನ ರಚನೆ ಬದಲಾಗಿ ತಾನೇ ಶಾಖ ಬಿಡುತ್ತೆ, ಅದಕ್ಕೆ ವೇಗ ಕಮ್ಮಿ ಆದಂತೆ ಕಾಣುತ್ತೆ. ಗುರುತು ಹಿಡಿಯೋದೂ ಸುಲಭವೇ ಇತ್ತು. ಆ ಕ್ಷಣದಲ್ಲಿ ಸದ್ದೇ ಬಂದಿರಲಿಲ್ಲ, ಗುಂಡಿನ ಸುತ್ತ ಪದರ ಇನ್ನೂ ಕನ್ನಡಿಯ ಹಾಗೆ ಹೊಳೀತಾ ಇತ್ತು. ನಾನು ಗ್ರಾಫ್ ಮಾತ್ರ ನೋಡ್ತಿದ್ದೆ, ಪಾತ್ರೆ ನೋಡಿರಲಿಲ್ಲ.

ಹಾಗಾಗಿ ತಾಮ್ರಕ್ಕೆ ಬಂದೆ. ಮೇಟಗಳ್ಳಿ ಕಡೆ ಒಂದು ಲೇತ್ ಅಂಗಡಿಯಲ್ಲಿ 25 ಮಿಲಿಮೀಟರಿನ ಗುಂಡು ತಿರುಗಿಸಿಕೊಟ್ಟರು, ಸಾವಿರದ ನೂರೋ ಇನ್ನೂರೋ ತಗೊಂಡರು. ತೂಕ ಎಪ್ಪತ್ತು ಚಿಲ್ಲರೆ ಗ್ರಾಂ. ತಾಮ್ರದ ಒಳಗೆ ಶಾಖ ಎಷ್ಟು ಬೇಗ ಹರಿಯುತ್ತೆ ಅಂದರೆ, ಪದರ ಇರುವಷ್ಟು ಹೊತ್ತು ಇಡೀ ಗುಂಡು ಒಂದೇ ತಾಪಮಾನದಲ್ಲಿದೆ ಅಂದುಕೊಂಡರೆ ಏನೂ ತಪ್ಪಾಗಲ್ಲ. ಆಗ ಲೆಕ್ಕ ಒಂದೇ ಸಾಲು, q = -ρ c (D/6) dT/dt. ನನ್ನ ಗುಂಡಿಗೆ ಸೆಕೆಂಡಿಗೆ ಒಂದು ಡಿಗ್ರಿ ತಣಿದರೆ ಚದರ ಮೀಟರಿಗೆ ಸುಮಾರು 15 ಕಿಲೋವ್ಯಾಟ್. ಪದರ ಒಡೆದ ಮೇಲೆ ಈ ಲೆಕ್ಕ ನಂಬಬೇಡಿ, ಆಗ ಮೈ ಒಂದು ತಾಪಮಾನ, ಮಧ್ಯ ಇನ್ನೊಂದು.

ಎರಡನೇ ತಪ್ಪು ಹಿಡಿಕೆ. ಗಟ್ಟಿ ಇರಲಿ ಅಂತ ಆರು ಮಿಲಿಮೀಟರಿನ ಸ್ಟೀಲ್ ಕಡ್ಡಿಗೆ ಗುಂಡು ಸಿಕ್ಕಿಸಿದ್ದೆ. ಪ್ರತಿ ಸಲವೂ 300ರ ಹತ್ತಿರವೇ ಪದರ ಹೋಗ್ತಿತ್ತು, ಅದೂ ಒಮ್ಮೆಲೇ ಅಲ್ಲ, ಗ್ರಾಫ್ ಮೆಲ್ಲಗೆ ಬಾಗುತ್ತಾ ಇಳೀತಿತ್ತು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಕಡ್ಡಿ ಸೇರುವ ಜಾಗದಲ್ಲಿ ಮೊದಲು ನೀರು ಅಂಟಿಕೊಳ್ಳುತ್ತೆ, ಅಲ್ಲಿಂದ ಒದ್ದೆ ಬಳೆ ಹಾಗೆ ಕೆಳಕ್ಕೆ ಹರಡುತ್ತೆ. ಕಡ್ಡಿ ತಣ್ಣಗಿರುತ್ತಲ್ವಾ, ಅದೇ ಕಳ್ಳದಾರಿ. ಕಡ್ಡಿ ಬಿಸಾಕಿ, ಒಂದೂವರೆ ಮಿಲಿಮೀಟರಿನ ಉಕ್ಕಿನ ಕವಚದ ಕೆ ಟೈಪ್ ಥರ್ಮೋಕಪಲ್ಲನ್ನೇ ಹಿಡಿಕೆ ಮಾಡಿದೆ. ಆಮೇಲೆ ಗ್ರಾಫಿನಲ್ಲಿ ಚಾಕುವಿನಿಂದ ಕತ್ತರಿಸಿದಂಥ ಮೂಲೆ ಬಂತು. ಆ ತೂತಿನ ಬಾಯಿಗೆ ಏನು ಮೆತ್ತಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಮೂರು ಥರ್ಮೋಕಪಲ್ ಕಳಕೊಂಡಿದ್ದೀನಿ, ಒಂದೊಂದಕ್ಕೆ ಆರುನೂರೈವತ್ತು.

ಇನ್ನು ನೀರು. ಮೈಸೂರಿನಲ್ಲಿ ನೀರು ನೂರಕ್ಕೆ ಕುದಿಯಲ್ಲ, 97 ಚಿಲ್ಲರೆಗೇ ಕುದಿಯುತ್ತೆ, ನಾವು ಅಷ್ಟು ಎತ್ತರದಲ್ಲಿದ್ದೀವಿ. ಥರ್ಮಾಮೀಟರ್ ಕೆಟ್ಟಿದೆ ಅಂತ ಮೂರು ದಿನ ಒದ್ದಾಡಿದ್ದು ಈಗ ನೆನೆಸಿಕೊಂಡರೆ ನಗು ಬರುತ್ತೆ. ಅದು ಬಿಡಿ, ದೊಡ್ಡ ಕಷ್ಟ ಬೇರೆ ಇತ್ತು. ಕೆಳಗೆ ಹೀಟರ್ ಉರೀತಾ ಇದ್ದರೆ ಅದರ ಗುಳ್ಳೆಗಳು ಬಂದು ಪದರಕ್ಕೆ ಬಡಿಯುತ್ತವೆ, ಬೇಗ ಒಡೆಯುತ್ತೆ. ಹೀಟರ್ ಆರಿಸಿದರೆ ಗುಂಡು ತಣಿಯೋ ಒಂದೂವರೆ ನಿಮಿಷದಲ್ಲಿ ನೀರು ಒಂದು ಡಿಗ್ರಿ ಇಳಿಯುತ್ತೆ, ಅಲ್ಲಿಗೆ ಎಂಟು ಡಿಗ್ರಿ ತಪ್ಪು.

ಪರಿಹಾರ ಸಿಕ್ಕಿದ್ದು ಮನೆಯ ಅಡುಗೆಮನೆಯಲ್ಲಿ. ಚಾಕೊಲೇಟ್ ಕರಗಿಸೋ ಹಾಗೆ ಪಾತ್ರೆಯೊಳಗೆ ಪಾತ್ರೆ. ಹೊರಗಿನ ಪಾತ್ರೆಯಲ್ಲಿ ನೀರು ಕುದೀತಿರುತ್ತೆ, ಒಳಗಿನ ಪಾತ್ರೆಯ ನೀರು ಗುಳ್ಳೆ ಇಲ್ಲದೆ ಸುಮ್ನೆ ಬಿಸಿಯಾಗಿರುತ್ತೆ. ಆದರೆ ಒಳಗಿನ ನೀರು ಮೇಲಿಂದ ಆವಿಯಾಗಿ ಒಂದು-ಒಂದೂವರೆ ಡಿಗ್ರಿ ಹಿಂದೆ ಬೀಳ್ತಿತ್ತು. ಹೊರಗಿನ ನೀರಿಗೆ ಅರ್ಧ ಕೆಜಿ ಉಪ್ಪು ಹಾಕಿದೆ. ಆರು ಲೀಟರಿಗೆ ಅಷ್ಟು ಉಪ್ಪು ಬಿದ್ದರೆ ಕುದಿಯುವ ಬಿಂದು ಒಂದೂಕಾಲು, ಒಂದೂವರೆ ಡಿಗ್ರಿ ಮೇಲೇರುತ್ತೆ. ಒಳಗಿನ ನೀರು ಸರಿಯಾಗಿ ತನ್ನ ಜಾಗಕ್ಕೆ ಬಂದು ಕೂತಿತು. ಹತ್ತು ರೂಪಾಯಿ ಉಪ್ಪು! ಈ ಒಂದು ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೀನಿ. ಒಳಗಿನ ನೀರನ್ನು ಮೊದಲೇ ಅರ್ಧ ಗಂಟೆ ಜೋರಾಗಿ ಕುದಿಸಿ ಗಾಳಿ ಕಳೆದಿರಬೇಕು, ಅದು ನಿಮಗೆ ಗೊತ್ತೇ ಇದೆ.

ಒಂದು ದಿನ ಹೊರಗಿನ ಉಪ್ಪುನೀರು ಒಳಕ್ಕೆ ಸಿಡಿದದ್ದು ಗೊತ್ತಾಗದೆ ಗುಂಡು ಇಳಿಸಿಬಿಟ್ಟೆ. ಅಂದು ಪದರ ಎಂದಿಗಿಂತ ಎಷ್ಟೋ ಮೊದಲೇ ಒಡೆಯಿತು. ಕುತೂಹಲ ಆಗಿ, ಬೇಕಂತಲೇ ಒಂದು ಹಿಡಿ ಉಪ್ಪು ಹಾಕಿದರೆ ಪದರ ಅರ್ಧದಷ್ಟು ಹೊತ್ತೂ ನಿಲ್ಲಲಿಲ್ಲ. ಉಕ್ಕಿಗೆ ನೀರು ಕುಡಿಸುವವರು ತೊಟ್ಟಿಗೆ ಉಪ್ಪು ಹಾಕೋದು ಇದಕ್ಕೇ ನೋಡಿ, ಅವರಿಗೆ ಆವಿಯ ಪದರ ಶತ್ರು, ನನಗೆ ಬಂಧು. ಇನ್ನೊಂದು ಸಲ ಗುಂಡನ್ನು ಪಾಲಿಶ್ ಮಾಡದೆ ಐದು ಸಲ ಸತತವಾಗಿ ಕಾಯಿಸಿ ಇಳಿಸಿದೆ. ತಾಮ್ರ ಕರ್ರಗಾಗುತ್ತಾ ಹೋದ ಹಾಗೆ ಒಡೆಯುವ ತಾಪಮಾನವೂ 220ರಿಂದ 250-260ರ ತನಕ ಏರುತ್ತಾ ಹೋಯಿತು. ಅದಕ್ಕೇ ಈಗ ಪ್ರತಿ ಸಲ ಮೊದಲು ಉಜ್ಜಿ ಹೊಳೆಸ್ತೀನಿ, ಮತ್ತೆ 450ಕ್ಕಿಂತ ಜಾಸ್ತಿ ಕಾಯಿಸಲ್ಲ. ನೀರು ಸರಿ ಇದ್ದರೆ ಅಷ್ಟು ಧಾರಾಳ ಸಾಕು.

ಕೊನೆಯ ಜಗಳ ಕಂಪ್ಯೂಟರ್ ಜೊತೆ. ನನ್ನ ಹತ್ತಿರ ಇದ್ದದ್ದು ಮುನ್ನೂರೈವತ್ತು ರೂಪಾಯಿಯ ಮ್ಯಾಕ್ಸ್ 31855 ಬೋರ್ಡು. ಅದು ಕಾಲು ಡಿಗ್ರಿಯ ಮೆಟ್ಟಿಲಲ್ಲಿ ಓದುತ್ತೆ, ಸೆಕೆಂಡಿಗೆ ಹತ್ತು ಸಲ. ಪಕ್ಕಪಕ್ಕದ ಎರಡು ಓದು ಕಳೆದು ವೇಗ ತೆಗೆದರೆ ಒಂದು ಮೆಟ್ಟಿಲೇ ಸೆಕೆಂಡಿಗೆ ಎರಡೂವರೆ ಡಿಗ್ರಿ ಆಗಿಬಿಡುತ್ತೆ, ನಾನು ಅಳೀಬೇಕಾದ್ದು ಎರಡಕ್ಕಿಂತ ಕಮ್ಮಿ. ಎರಡು ಸೆಕೆಂಡಿನ ಇಪ್ಪತ್ತು ಬಿಂದುಗಳಿಗೆ ಗೆರೆ ಎಳೆದೆ, ಗದ್ದಲ ಹೋಯಿತು. ಆದರೆ ಮಿನಿಮಮ್ಮೂ ಹೋಯಿತು! ಯಾಕಂದ್ರೆ ಪದರ ಒಡೆದ ಮೇಲೆ ಗುಂಡು ಸೆಕೆಂಡಿಗೆ ಹತ್ತಾರು ಡಿಗ್ರಿ ಬೀಳುತ್ತೆ, ಎರಡೂ ಕಡೆಯಿಂದ ಬಿಂದು ತಗೊಂಡರೆ ಆ ಬೀಳುವಿಕೆ ಹಿಂದಕ್ಕೆ ಸೋರಿ ತಳವನ್ನು ಮೇಲೆತ್ತುತ್ತೆ. ಅದಕ್ಕೆ ಹಿಂದಿನ ಬಿಂದುಗಳನ್ನು ಮಾತ್ರ ತಗೋಬೇಕು:

```
k = np.polyfit(t[i-20:i], T[i-20:i], 1)[0]
q = -15.0e3 * k
```

ಈ `i` ಎಲ್ಲಿ ನಿಲ್ಲಬೇಕು? ಅದಕ್ಕೆ ಸದ್ದು ಬೇಕು. ಪದರ ಇರುವಾಗ ಪಾತ್ರೆ ಹೆಚ್ಚುಕಮ್ಮಿ ಮೌನ, ಒಡೆದಾಗ 'ಟಪ್' ಅನ್ನುತ್ತೆ. ಪಕ್ಕದಲ್ಲಿ ಮೊಬೈಲಿಟ್ಟು ಸದ್ದು ರೆಕಾರ್ಡ್ ಮಾಡಿದೆ. ಎರಡು ಗಡಿಯಾರ ಹೊಂದಿಸೋಕೆ, ಲಾಗಿಂಗ್ ಬಟನ್ ಒತ್ತುವ ಕ್ಷಣದಲ್ಲೇ ಚಮಚದಿಂದ ಪಾತ್ರೆಗೆ ಒಂದು ಏಟು. 'ಟಪ್'ಗೆ ಸ್ವಲ್ಪ ಮುಂಚೆ ನಿಲ್ಲಿಸಿ ಹಿಂದಿನ ಎರಡು ಸೆಕೆಂಡು ತಗೊಂಡರೆ ಆಯಿತು.

ಹನ್ನೆರಡೋ ಹದಿಮೂರೋ ಒಳ್ಳೆಯ ಓಟ ಸಿಕ್ಕಿದವು. ಒಡೆಯುವುದು 215ರಿಂದ 225ರೊಳಗೆ, ವೇಗ ಸೆಕೆಂಡಿಗೆ 1.6, 1.7 ಡಿಗ್ರಿ, ಅಂದರೆ 24ರಿಂದ 26 ಕಿಲೋವ್ಯಾಟ್. ಹಿರಿಯರಿಗೆ ತೋರಿಸಿದೆ. ಅವರು ತಕ್ಷಣ ಬೆರೆನ್ಸನ್ ಸೂತ್ರ ಹಾಕಿ, 19 ಬರಬೇಕಿತ್ತು, ನಿನ್ನದು ಜಾಸ್ತಿ ಅಂದರು. ಆದರೆ ಅದು ದೊಡ್ಡ ಸಮತಟ್ಟು ತಟ್ಟೆಯ ಲೆಕ್ಕ. ಅಲ್ಲಿ ಗುಳ್ಳೆಗಳು ಸುಮಾರು 27 ಮಿಲಿಮೀಟರಿಗೊಂದರಂತೆ ಸಾಲುಗಟ್ಟಿ ಏಳುತ್ತವೆ, ನನ್ನ ಇಡೀ ಗುಂಡೇ ಅಷ್ಟಿಲ್ಲ. ಇಲ್ಲಿ ಆವಿ ಕೆಳಗಿನಿಂದ ಮೈ ಸವರಿಕೊಂಡು ಹರಿದು ನೆತ್ತಿಯಿಂದ ಬಿಟ್ಟು ಹೋಗುತ್ತೆ. ಬ್ರಾಮ್ಲಿ ತರಹದ ಸೂತ್ರವನ್ನು ಗುಂಡಿನ ಗುಣಕ 0.67 ಹಾಕಿ 220 ಡಿಗ್ರಿಗೆ ಲೆಕ್ಕ ಮಾಡಿದರೆ 24ರ ಹತ್ತಿರವೇ ಬರುತ್ತೆ. ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಅವರು ಎರಡು ನಿಮಿಷ ಮಾತಾಡಲಿಲ್ಲ.

ಆಮೇಲೆ "ಇನ್ನೊಂದ್ಸಲ ಇಳಿಸು, ನಾನೂ ಕೇಳ್ತೀನಿ" ಅಂತ ಸ್ಟೂಲ್ ಎಳ್ಕೊಂಡು ಕೂತರು. ಚಮಚ ಅವರ ಕೈಗೇ ಕೊಟ್ಟೆ.