ಎರಡು ಕೇಜಿ ನಾನೂರು ಗ್ರಾಂ ಬ್ಯಾಟರಿ, ಎರಡು ಸಾವಿರದ ಎಂಟುನೂರು ಚಿಲ್ಲರೆ ರೂಪಾಯಿ: ನಾನು ದುಡ್ಡು ವಾಪಸ್ ಪಡೆದ ಬಗೆ

ಆನ್‌ಲೈನ್‌ನಲ್ಲಿ ಹೋದ ದುಡ್ಡು ಹೋದಂಗೇ ಅಂತ ನಮ್ಮೂರಲ್ಲಿ ಎಲ್ಲರೂ ಹೇಳಿದ್ದರು. ಬಾಮೈದನಂತೂ, ‘ಭಾವ, ಆ ಟೈಮಲ್ಲಿ ಎರಡು ಸಾಲು ಟೊಮೆಟೊ ಕಟ್ಟಿದ್ರೆ ಅಷ್ಟು ದುಡ್ಡು ಬರ್ತಿತ್ತು’ ಅಂತ ಎದುರಿಗೇ ನಕ್ಕ. ಈಗ ಅವನೇ ತನ್ನ ಮಿಕ್ಸಿ ಕೇಸು ಹಿಡ್ಕೊಂಡು ಬಂದಿದ್ದಾನೆ. ಅದಕ್ಕೇ ಬರೀತಿದ್ದೀನಿ. ತಾರೀಖುಗಳು ನೆನಪಿನಿಂದ ಹೇಳ್ತಿರೋದು, ಒಂದೆರಡು ದಿನ ಆಚೀಚೆ ಇರಬಹುದು.

ತರಿಸಿದ್ದು ಹದಿನಾರು ಲೀಟರಿನ ಬ್ಯಾಟರಿ ಸ್ಪ್ರೇಯರ್. ಔಷಧಿ ಹೊಡೆಯೋರಿಗೆಲ್ಲ ಗೊತ್ತು, ಇದರಲ್ಲಿ 12 ಬೈ 8, 12 ಬೈ 12 ಅಂತ ಎರಡು ಬರುತ್ತೆ. ಮೊದಲ ಅಂಕಿ ವೋಲ್ಟು, ಎರಡನೇದು ಎಎಚ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ. ನೋಡೋಕೆ ಡಬ್ಬ ಒಂದೇ, ಒಳಗಿನ ಬ್ಯಾಟರಿ ಬೇರೆ. ನಾನು ದುಡ್ಡು ಕಟ್ಟಿದ್ದು 12 ಬೈ 12ಕ್ಕೆ, ಎರಡು ಸಾವಿರದ ಎಂಟುನೂರು ಚಿಲ್ಲರೆ. ಬಂದ ಮೂರು ದಿನ ಮಳೆ, ಮುಟ್ಟಲಿಲ್ಲ. ಆಮೇಲೆ ಚಾರ್ಜ್ ಹಾಕಿ ತೋಟಕ್ಕೆ ಹೋದರೆ ಹತ್ತನೇ ಟ್ಯಾಂಕಿಗೇ ಉಸಿರು ಬಿಡ್ತು. ಪಕ್ಕದ ತೋಟದವರ 12 ಬೈ 12 ಹದಿನೇಳು ಹದಿನೆಂಟು ಟ್ಯಾಂಕ್ ಹೊಡೆಯುತ್ತೆ. ಮೊದಲ ಚಾರ್ಜ್ ಸರಿಯಾಗಿ ಆಗಿಲ್ಲವೇನೋ ಅಂತ ಇನ್ನೆರಡು ಸಲ ನೋಡಿದೆ. ಅಷ್ಟರಲ್ಲಿ ಏಳು ದಿನದ ರಿಟರ್ನ್ ಗಡುವು ಮುಗಿದಿತ್ತು. ಇದು ನನ್ನ ಮೊದಲ ತಪ್ಪು.

ಎರಡನೇದು ಇನ್ನೂ ದೊಡ್ಡದು. ಬ್ಯಾಟರಿ ಹೊರಗೆ ತೆಗೆದಾಗ ‘12ಎಎಚ್’ ಅನ್ನೋ ಸ್ಟಿಕ್ಕರ್ ಒಂದು ಮೂಲೆಯಲ್ಲಿ ಎದ್ದಿತ್ತು. ಸಿಟ್ಟಲ್ಲಿ ಉಗುರು ಹಾಕಿ ಅರ್ಧ ಕಿತ್ತೆ, ಕೆಳಗೆ ಅಚ್ಚಾದ ‘8’ ಕಾಣ್ತು. ಸಿಕ್ಕಿಬಿದ್ದ ಕಳ್ಳ ಅಂತ ಖುಷಿಯಲ್ಲಿ ಫೋಟೋ ತೆಗೆದು ಚಾಟ್‌ನಲ್ಲಿ ಹಾಕಿದೆ. ಮಾರಾಟಗಾರನ ಉತ್ತರ ಒಂದೇ ಸಾಲು: ಸ್ಟಿಕ್ಕರ್ ನೀವೇ ಅಂಟಿಸಿದ್ದೀರಿ, ವಸ್ತುವನ್ನು ತಿರುಚಲಾಗಿದೆ, ಗಡುವೂ ಮುಗಿದಿದೆ. ವಿಡಿಯೋ ಮಾಡ್ತಾ ಕಿತ್ತಿದ್ದರೆ ಕಥೆ ಬೇರೆ ಇರ್ತಿತ್ತು. ನನ್ನ ಕೈಲಿದ್ದ ಒಳ್ಳೇ ಸಾಕ್ಷಿಯನ್ನ ನಾನೇ ಅವನ ಕೈಗೆ ಕೊಟ್ಟಂಗಾಯ್ತು.

ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಒಂದೊಂದು ಸಲ ಒಂದೊಂದು ಟಿಕೆಟ್ ನಂಬರ್, ಪ್ರತಿ ಸಲ ಕಥೆ ಮೊದಲಿಂದ. ಕೊನೆಗೆ ಮುನ್ನೂರು ರೂಪಾಯಿ ಕೂಪನ್ ಕೊಡ್ತೀವಿ ಅಂದರು. ನಾನು ರಾತ್ರಿ ಕೂತು ಎರಡು ಪುಟ ಬರೆದೆ: ರೈತರಿಗೆ ಮೋಸ, ಟೊಮೆಟೊ ರೇಟು, ಮಳೆ, ಕೋರ್ಟಿಗೆ ಎಳೀತೀನಿ, ಹತ್ತು ಸಾವಿರ ಪರಿಹಾರ ಬೇಕು, ಎಲ್ಲಾ ಇತ್ತು. ಉತ್ತರವೇ ಬರಲಿಲ್ಲ. ಈಗ ಓದಿದರೆ ನನಗೇ ನಗು ಬರುತ್ತೆ. ಎರಡು ಪುಟ ಓದಿದವನಿಗೂ ನನ್ನ ಆರ್ಡರ್ ಯಾವುದು, ನನಗೆ ಏನು ಬೇಕು ಅಂತ ಗೊತ್ತಾಗೋ ಹಂಗಿರಲಿಲ್ಲ. ಆರ್ಡರ್ ನಂಬರೇ ಬರೆದಿರಲಿಲ್ಲ!

ಆಮೇಲೆ ತಣ್ಣಗೆ ಯೋಚನೆ ಮಾಡಿದೆ. ಸ್ಟಿಕ್ಕರ್ ವಿಷಯ ಪೂರ್ತಿ ಬಿಟ್ಟೆ. ಸುಳ್ಳು ಅಂತ ಅಲ್ಲ, ಅದನ್ನ ಎತ್ತಿದರೆ ಜಗಳ ಅಲ್ಲೇ ನಿಲ್ಲುತ್ತೆ ಅಂತ. ಟ್ಯಾಂಕ್ ಲೆಕ್ಕವನ್ನೂ ಬಿಟ್ಟೆ. ನಾಝಲ್ ದೊಡ್ಡದು, ಪ್ರೆಶರ್ ಜಾಸ್ತಿ ಇಟ್ಟಿದ್ದೀರಿ ಅಂತ ಹೇಳೋಕೆ ಅವನಿಗೆ ದಾರಿ ಇದೆ. ಹಂಗಾದರೆ ಅವನು ಏನೂ ಹೇಳೋಕಾಗದ ಸಾಕ್ಷಿ ಯಾವುದು? ತೂಕ. ಸೀಸದ ಬ್ಯಾಟರಿ ಸುಳ್ಳು ಹೇಳಲ್ಲ, ಹೆಚ್ಚು ಎಎಚ್ ಬೇಕಂದರೆ ಒಳಗೆ ಹೆಚ್ಚು ಸೀಸ ಇರಲೇಬೇಕು.

ಊರ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಪಕ್ಕದವರ ಬ್ಯಾಟರಿ ಇಟ್ಟರೆ ಮೂರು ಕೇಜಿ ಆರುನೂರರ ಹತ್ತಿರ ಬಂತು. ನನ್ನದು ಎರಡು ಕೇಜಿ ನಾನೂರು. ಇದನ್ನ ಒಂದೇ ವಿಡಿಯೋದಲ್ಲಿ, ನಡುವೆ ಎಲ್ಲೂ ನಿಲ್ಲಿಸದೆ ತೆಗೆದೆ: ಪಾರ್ಸೆಲ್ ಡಬ್ಬದ ಮೇಲಿನ ವಿಳಾಸದ ಚೀಟಿ, ಸ್ಪ್ರೇಯರ್ ಮೇಲಿನ ಸೀರಿಯಲ್ ನಂಬರ್, ಬ್ಯಾಟರಿ ಬಿಚ್ಚೋದು, ತಕ್ಕಡಿ ಸೊನ್ನೆ ತೋರಿಸೋದು, ಎರಡೂ ಬ್ಯಾಟರಿ ಒಂದಾದ ಮೇಲೊಂದು. ಎರಡು ನಿಮಿಷಕ್ಕಿಂತ ಕಡಿಮೆ. ಮೊದಲ ಸಲ ತೆಗೆದಾಗ ಅಂಗಡಿಯವರ ಮಗ ನಡುವೆ ಬಂದು ಬೆಲ್ಲ ಕೇಳಿದ, ಇನ್ನೊಂದು ಸಲ ತೆಗೆಯಬೇಕಾಯ್ತು.

ಈ ನಡುವೆ ಒಂದು ವಿಚಿತ್ರ ನಡೀತು. ಆ್ಯಪ್‌ನಲ್ಲಿ ಈ ಸ್ಪ್ರೇಯರ್ ಮಾರೋ ಪುಟದ ಫೋಟೋ ತೆಗೆದಿಟ್ಕೊಳ್ಳೋಣ ಅಂತ ತೆರೆದರೆ ಅಲ್ಲಿ ಈಗ ‘12 ಬೈ 8’ ಅಂತ ಇದೆ. ನನ್ನ ಚಾಟ್ ನೋಡಿ ಬದಲಾಯಿಸಿದ್ದಾನೆ. ಹೊಟ್ಟೆ ಧಸಕ್ಕಂತು. ಆದರೆ ಆರ್ಡರ್ ಮಾಡಿದ ದಿನವೇ ಬಂದಿದ್ದ ಬಿಲ್ಲಿನಲ್ಲಿ ವಸ್ತುವಿನ ಹೆಸರು ಮೊದಲಿದ್ದಂಗೇ ಇತ್ತು, ‘12 ವೋಲ್ಟ್ 12 ಎಎಚ್’ ಅಂತ. ಅಂಗಡಿಯ ಪುಟ ತಿದ್ದಬಹುದು, ಕೊಟ್ಟ ಬಿಲ್ಲು ತಿದ್ದೋಕಾಗಲ್ಲ. ಅದರಲ್ಲೇ ಮಾರಾಟಗಾರನ ನಿಜವಾದ ಹೆಸರು, ವಿಳಾಸ, ಜಿಎಸ್‌ಟಿ ನಂಬರೂ ಇರುತ್ತೆ. ಬಂದ ಕೂಡಲೇ ಇಳಿಸಿಟ್ಕೊಳ್ಳಿ; ನಾನು ಈಗ ಆರ್ಡರ್ ಹಾಕೋ ಮುಂಚೆ ಪುಟದ ಸ್ಕ್ರೀನ್‌ಶಾಟನ್ನೂ ತೆಗೀತೀನಿ.

ಪತ್ರ ಕಳಿಸಿದ್ದು ಚಾಟಿಗಲ್ಲ, ಕಂಪನಿಯಲ್ಲಿ ದೂರು ನೋಡೋ ಗ್ರೀವೆನ್ಸ್ ಆಫೀಸರ್‌ಗೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಈ ಅಧಿಕಾರಿಯ ಹೆಸರು, ಸಂಪರ್ಕ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಪುಟದ ಕೊನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಸಿಗ್ತು. ನಾನು ಕನ್ನಡದಲ್ಲಿ ಬರೆದೆ, ಪಿಯುಸಿ ಓದೋ ಮಗಳು ಇಂಗ್ಲಿಷಿಗೆ ಮಾಡಿದಳು, ಎರಡನ್ನೂ ಒಂದೇ ಮೇಲ್‌ನಲ್ಲಿ ಕಳಿಸಿದೆ. ಕನ್ನಡದ್ದು ಹೆಚ್ಚುಕಮ್ಮಿ ಹೀಗಿತ್ತು:

‘ಮಾನ್ಯರೇ, ಆರ್ಡರ್ ನಂಬರ್ (ಬಿಲ್ಲಿನಲ್ಲಿರುವುದು), ಆರ್ಡರ್ ಮಾಡಿದ ದಿನ ಜೂನ್ 6, ತಲುಪಿದ ದಿನ ಜೂನ್ 11, ಯುಪಿಐ ಮೂಲಕ ಕಟ್ಟಿದ ಮೊತ್ತ 2,849 ರೂಪಾಯಿ. ಬಿಲ್ಲಿನಲ್ಲಿ 12 ಎಎಚ್ ಬ್ಯಾಟರಿ ಎಂದಿದೆ. ಬಂದಿರುವ ಬ್ಯಾಟರಿಯ ತೂಕ 2.4 ಕೇಜಿ, 12 ಎಎಚ್ ಬ್ಯಾಟರಿಯ ತೂಕ 3.6 ಕೇಜಿ. ಬಿಲ್ಲು ಮತ್ತು ವಿಡಿಯೋ ಲಗತ್ತಿಸಿದ್ದೇನೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವಿನ ಹಣ ವಾಪಸ್ ಕೊಡಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳ 6ನೇ ನಿಯಮ ಹೇಳುತ್ತದೆ. ನನಗೆ ಬೇಕಾದದ್ದು: ಪೂರ್ತಿ 2,849 ರೂಪಾಯಿ, ನಾನು ಕಟ್ಟಿದ ಅದೇ ಖಾತೆಗೆ, ಜುಲೈ 10ರ ಒಳಗೆ, ವಸ್ತುವನ್ನು ನಿಮ್ಮ ಖರ್ಚಿನಲ್ಲಿ ನನ್ನ ಮನೆಯಿಂದ ಒಯ್ಯಬೇಕು. ಬದಲಿ ವಸ್ತು, ಕೂಪನ್, ವ್ಯಾಲೆಟ್ ಹಣ ಬೇಡ.’

ಅಷ್ಟೇ. ಹತ್ತು ಸಾವಿರ ಪರಿಹಾರ ಇಲ್ಲ, ಬೈಗುಳ ಇಲ್ಲ. ಆ ಕೊನೇ ಸಾಲಿಗೆ ಎಷ್ಟು ಬೆಲೆ ಅಂತ ಆಮೇಲೆ ಗೊತ್ತಾಯ್ತು. ಮೇಲ್‌ನ ವಿಷಯದ ಸಾಲಿನಲ್ಲಿ ಏನು ಬರೆದೆ, ವಾರದ ಯಾವ ದಿನ ಎಷ್ಟೊತ್ತಿಗೆ ಕಳಿಸಿದೆ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಅದು ಬಾಮೈದನಿಗೂ ಹೇಳಿಲ್ಲ.

48 ಗಂಟೆ ಕಳೀತು, ಸದ್ದಿಲ್ಲ. ಮೂರನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಅದೇ ಪತ್ರ ಓದಿ ಹೇಳಿದೆ, ದೂರಿಗೊಂದು ಡಾಕೆಟ್ ನಂಬರ್ ಕೊಟ್ಟರು. ಗೊತ್ತಿರಲಿ, ಅದು ಕೋರ್ಟಲ್ಲ. ದೂರನ್ನ ಕಂಪನಿಗೆ ಮುಟ್ಟಿಸ್ತಾರೆ, ಆದೇಶ ಮಾಡೋ ಅಧಿಕಾರ ಇಲ್ಲ. ಆ ಡಾಕೆಟ್ ನಂಬರನ್ನ ಹಳೇ ಮೇಲ್‌ಗೇ ಉತ್ತರವಾಗಿ ಸೇರಿಸಿ ಕಳಿಸಿದೆ, ಹೊಸ ಮೇಲ್ ಬರೀಲಿಲ್ಲ. ಇಡೀ ವ್ಯವಹಾರ ಒಂದೇ ಎಳೆಯಲ್ಲಿ ಇರಲಿ ಅಂತ.

ಎರಡು ದಿನಕ್ಕೆ ಫೋನ್ ಬಂತು. ‘ಸರ್, ವಸ್ತು ನೀವೇ ಇಟ್ಕೊಳ್ಳಿ, ನಾನೂರು ರೂಪಾಯಿ ವಾಪಸ್ ಹಾಕ್ತೀವಿ, ಒಪ್ಕೊಳ್ತೀರಾ?’ ನಮ್ಮನೆಯವಳು ಪಕ್ಕದಲ್ಲೇ ಇದ್ದಳು, ‘ಒಪ್ಕೊಳ್ರೀ, ಸಾಕು’ ಅಂದಳು. ಹೌದು ಅಂದಿದ್ದರೆ ದೂರು ‘ಪರಿಹಾರವಾಗಿದೆ’ ಅಂತ ಮುಚ್ಚಿ ಹೋಗ್ತಿತ್ತು. ಪತ್ರದ ಕೊನೇ ಭಾಗ ನೋಡಿ, ಆಮೇಲೆ ಮೇಲ್‌ನಲ್ಲೇ ಬರೀರಿ ಅಂದೆ. ಬಾಯಿಮಾತಿನ ಒಪ್ಪಂದ ಒಂದೂ ಮಾಡಲಿಲ್ಲ.

ಒಯ್ಯೋಕೆ ಒಪ್ಪಿದರು. ಮೊದಲು ಬಂದ ಹುಡುಗ ಡಬ್ಬ ಹರಿದಿದೆ ಅಂತ ವಾಪಸ್ ಹೋದ, ಆ್ಯಪ್‌ನಲ್ಲಿ ‘ಗುಣಮಟ್ಟ ಪರೀಕ್ಷೆಯಲ್ಲಿ ಫೇಲ್’ ಅಂತ ಬಂತು. ಡಬ್ಬಕ್ಕೆ ಟೇಪ್ ಹಾಕಿದೆ, ಮೂವತ್ತು ರೂಪಾಯಿ. ಎರಡನೇ ಸಲ ಬಂದವನ ಮುಂದೆ ಬ್ಯಾಟರಿ, ಚಾರ್ಜರ್, ಲ್ಯಾನ್ಸ್, ಬೆಲ್ಟು ಎಲ್ಲ ಜೋಡಿಸಿಟ್ಟು ವಿಡಿಯೋ ಮಾಡಿ, ರಸೀದಿ ಬರೋವರೆಗೂ ಡಬ್ಬ ಕೈಬಿಡಲಿಲ್ಲ. ಟ್ಯಾಂಕ್ ಚೆನ್ನಾಗಿ ತೊಳೆದು ಒಣಗಿಸಿದ್ದೆ. ಔಷಧಿ ವಾಸನೆ ಇದ್ದರೆ ಮುಟ್ಟಲ್ಲ ಅವರು.

ನಾಲ್ಕು ದಿನಕ್ಕೆ ‘ರಿಫಂಡ್ ಆಗಿದೆ’ ಅಂತ ಮೆಸೇಜ್. ಬ್ಯಾಂಕಿನಲ್ಲಿ ನೋಡಿದರೆ ಸೊನ್ನೆ. ದುಡ್ಡು ಅವರದೇ ಆ್ಯಪಿನ ವ್ಯಾಲೆಟ್‌ನಲ್ಲಿ ಕೂತಿತ್ತು! ಆಗ ಆ ಕೊನೇ ಸಾಲು ಕೆಲಸಕ್ಕೆ ಬಂತು. ‘ಮೊದಲ ಪತ್ರದಲ್ಲೇ ವ್ಯಾಲೆಟ್ ಬೇಡ ಎಂದಿದ್ದೆ’ ಅಂತ ಒಂದೇ ಸಾಲು ಬರೆದೆ, ಅದರಲ್ಲಿ ಒಂದು ಪೈಸೆಯನ್ನೂ ಖರ್ಚು ಮಾಡಲಿಲ್ಲ. ಇನ್ನೂ ನಾಲ್ಕೈದು ದಿನಕ್ಕೆ ಬ್ಯಾಂಕಿಗೆ ಬಂತು, ಪೂರ್ತಿ. ಜುಲೈ 12 ಇರಬೇಕು, ನಾನು ಹಾಕಿದ ಗಡುವು ಎರಡು ದಿನ ದಾಟಿತ್ತು, ಸುಮ್ಮನಾದೆ.

ಬರದೇ ಇದ್ದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತಿದ್ದೆ. ಐದು ಲಕ್ಷದವರೆಗೆ ಶುಲ್ಕ ಇಲ್ಲ, ನಾವಿರೋ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷ ಸಮಯ ಇರುತ್ತೆ. ಆದರೆ ಮೂರು ಸಾವಿರಕ್ಕೆ ಕೋಲಾರಕ್ಕೆ ನಾಲ್ಕು ಸಲ ಓಡಾಡಿದರೆ ಬಸ್ಸಿಗೂ ಊಟಕ್ಕೂ ಅರ್ಧ ಹೋಗ್ತಿತ್ತು, ಅದು ನಿಜ.

ಇದೇ ಪತ್ರದ ಮಾದರಿಯನ್ನ ಆಮೇಲೆ ಇನ್ನೆರಡು ಕಡೆ ಹಾಕಿ ನೋಡಿದೆ. ಅಳತೆ ಕಡಿಮೆ ಇದ್ದ ಮಲ್ಚಿಂಗ್ ಶೀಟಿಗೆ ಹತ್ತೇ ದಿನದಲ್ಲಿ ದುಡ್ಡು ಬಂತು. ಟೇಪು ಹಿಡಿದು ಉದ್ದ ತೋರಿಸಿದ್ದೆ. ಮೊಳಕೆ ಬರದ ಸೌತೆ ಬೀಜಕ್ಕೆ ಮಾತ್ರ ಬರಲಿಲ್ಲ. ನೀರು, ಮಣ್ಣು, ಹವೆ ಅಂತ ನೂರು ಕಾರಣ ಹೇಳಿದರು, ನನ್ನ ಹತ್ತಿರ ತಕ್ಕಡಿಯಂಥ ಸಾಕ್ಷಿ ಇರಲಿಲ್ಲ. ಪ್ಯಾಕೆಟ್ಟೂ ಎಸೆದಿದ್ದೆ. ಆರುನೂರ ಐವತ್ತು ಹೋಯ್ತು.

ಬಾಮೈದನ ಮಿಕ್ಸಿ ಡಬ್ಬ ಅವನ ಹೆಂಡತಿ ಒಲೆಗೆ ಹಾಕಿದ್ದಾಳಂತೆ, ಬಿಲ್ಲು ಮಾತ್ರ ಮೇಲ್‌ನಲ್ಲಿದೆ. ಭಾನುವಾರ ಬಾ ಅಂದಿದ್ದೀನಿ. ಸ್ಪ್ರೇಯರನ್ನ ನಾನು ಪೇಟೆ ಅಂಗಡಿಯಲ್ಲಿ ಮೂರು ಸಾವಿರದ ನೂರಕ್ಕೆ ತಗೊಂಡೆ, ಅವರದೇ ತಕ್ಕಡಿ ಮೇಲೆ ಬ್ಯಾಟರಿ ಇಡಿಸಿ. ಮೂರು ಕೇಜಿ ಐನೂರ ಎಂಬತ್ತು.